ಅಜ್ಜ ಪಾಸಾಗಬೇಕಾ, ಫೇಲಾಗಬೇಕಾ?

ಪ್ರಶ್ನೆ: ನಾನಿರುವುದು ಪುಣೆಯಲ್ಲಿ. ಅಪ್ಪ, ಅಮ್ಮ ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿದ್ದಾರೆ. ಅಪ್ಪ ರೈಲ್ವೆಯ ಪಾರ್ಸೆಲ್ ಆಫೀಸಿನಲ್ಲಿ ಕ್ಲರ್ಕ್ ಆಗಿದ್ದು ನಿವೃತ್ತರಾದವರು. ಈಗ ಇಗ್ನೋ ಮುಕ್ತ ವಿಶ್ವವಿದ್ಯಾಲಯದಲ್ಲಿ ಬಿ.ಎ. ಮಾಡುತ್ತಿದ್ದಾರೆ. ನನ್ನ ಮಕ್ಕಳು ರಜೆಗೆ ಯಾವಾಗ ಬರ್ತಾರೆ ಅಂತ ಕೇಳಿಕೊಂಡು ಅದಕ್ಕೆ ತಕ್ಕ ಹಾಗೆ ಓದಿನ ಪಟ್ಟಿ ಹಾಕುತ್ತಾರೆ. ಇದರ ಮೇಲೆ ಒಂದು ಸಣ್ಣಕತೆ ಬರೆದಿದ್ದೇನೆ. ಓದಿದವರೆಲ್ಲ "ಚೆನ್ನಾಗಿದೆ, ಆದರೆ ಏನೂ ಆಗಲ್ಲ" ಅಂತಾರೆ. ಕೊನೆಯಲ್ಲಿ ಅಜ್ಜ ಪಾಸಾಗಬೇಕಾ, ಫೇಲಾಗಬೇಕಾ? ಕತೆಯ ಪ್ರತಿ ಜೊತೆಗಿದೆ.

ಉತ್ತರ: ಎರಡೂ ಬೇಡ. ಪರೀಕ್ಷೆ ಮುಗಿದು ಫಲಿತಾಂಶ ಬರುವ ಹೊತ್ತಿಗೆ ನಿಮ್ಮ ಮಕ್ಕಳು ಪುಣೆಗೆ ಹೋಗಿ, ಶಾಲೆ ಶುರುವಾಗಿ, ಮೊದಲ ಯೂನಿಟ್ ಟೆಸ್ಟನ್ನೂ ಬರೆದಿರುತ್ತಾರೆ. ನಿಮ್ಮ ಕತೆ ನಡೆಯುವುದು ಮೇ ತಿಂಗಳಲ್ಲಿ, ಡೊಂಬಿವಲಿಯ ಒಂದು ಬೆಡ್‌ರೂಮಿನ ಮನೆಯಲ್ಲಿ. ಮಳೆಗಾಲದ ನಡುವೆ ಬರುವ ಅಂಕಪಟ್ಟಿಯಿಂದ ಮೇ ತಿಂಗಳ ಕತೆ ಮುಗಿಯುವುದಿಲ್ಲ.

ನಿಮ್ಮ ಓದುಗರು ಹೇಳಿದ್ದು ಸರಿಯಾಗಿಯೇ ಇದೆ. ಅಜ್ಜ ಓದಲು ಕೂರುತ್ತಾರೆ, ಮಕ್ಕಳು ಗಲಾಟೆ ಮಾಡುತ್ತಾರೆ, ಅಜ್ಜ ನಕ್ಕು ಪುಸ್ತಕ ಮುಚ್ಚುತ್ತಾರೆ. ಇದು ನಿಮ್ಮ ಪ್ರತಿಯಲ್ಲಿ ನಾಲ್ಕು ಸಲ ಬರುತ್ತದೆ. ಒಂದು ಸಲ ಕ್ರಿಕೆಟ್ ಚೆಂಡು, ಒಂದು ಸಲ ಟಿವಿ, ಒಂದು ಸಲ ಮಾವಿನಹಣ್ಣು, ಒಂದು ಸಲ ಜ್ವರ. ಸಾಮಾನು ಬದಲಾಗುತ್ತದೆ, ಅಜ್ಜ ಬದಲಾಗಲ್ಲ. ಆಮೇಲೆ ಕೊನೇ ಪುಟದಲ್ಲಿ ಸಂಘದವರು ವೇದಿಕೆಗೆ ಕರೆದು ಶಾಲು ಹೊದಿಸುತ್ತಾರೆ. ಅದನ್ನು ಮೊದಲು ತೆಗೆಯಿರಿ. ಮುಂಬಯಿ ಕನ್ನಡ ಕತೆಗಳಲ್ಲಿ ಶಾಲು ಈಗಾಗಲೇ ಜಾಸ್ತಿಯಾಗಿದೆ.

ನಿಮ್ಮ ಹತ್ತಿರ ಒಳ್ಳೆಯ ವಸ್ತು ಇದೆ. ಅದು ಆ ಓದಿನ ಪಟ್ಟಿ. ಅದನ್ನು ನೀವು "ಗೋಡೆಯ ಮೇಲೆ ಒಂದು ಟೈಮ್‌ಟೇಬಲ್ ಅಂಟಿಸಿದ್ದರು" ಅಂತ ಒಂದೇ ವಾಕ್ಯದಲ್ಲಿ ಮುಗಿಸಿಬಿಟ್ಟಿದ್ದೀರಿ. ನನ್ನ ಪ್ರಕಾರ ಇಡೀ ಕತೆ ಆ ಹಾಳೆಯಲ್ಲೇ ಇದೆ. ಅದನ್ನು ಬಿಡಿಸಿ ನೋಡೋಣ.

ಮೊದಲು ಕ್ಯಾಲೆಂಡರ್. ಇಗ್ನೋ ಪರೀಕ್ಷೆ ವರ್ಷಕ್ಕೆ ಎರಡು ಸಲ, ಜೂನ್ ಮತ್ತು ಡಿಸೆಂಬರ್. ಜೂನಿನದ್ದು ಈಚಿನ ವರ್ಷಗಳಲ್ಲಿ ತಿಂಗಳ ಮೊದಲ ಹದಿನೈದು ದಿನದೊಳಗೆ ಶುರುವಾಗಿ ಜುಲೈವರೆಗೂ ಎಳೆಯುತ್ತದೆ. ಪೇಪರಿಗೂ ಪೇಪರಿಗೂ ನಡುವೆ ಎಷ್ಟೋ ದಿನ ಬಿಡುವು ಇರುತ್ತದೆ. ಇತ್ತ ಮಹಾರಾಷ್ಟ್ರದ ರಾಜ್ಯ ಬೋರ್ಡಿನ ಶಾಲೆಗಳಿಗೆ ಮೇ ಪೂರ್ತಿ ರಜೆ, ಮತ್ತೆ ಬಾಗಿಲು ತೆರೆಯುವುದು ಜೂನ್ ನಡುವಿಗೆ. ಅಂದರೆ ಪರೀಕ್ಷೆಗೆ ಮುಂಚಿನ ಇಡೀ ತಿಂಗಳು ಮಕ್ಕಳು ಅಜ್ಜನ ಮನೆಯಲ್ಲಿ. ಮೊದಲ ಪೇಪರ್ ಬಂದರೂ ಇನ್ನೂ ಅಲ್ಲೇ. ಡಿಸೆಂಬರ್ ಪರೀಕ್ಷೆಗೆ ಮುಂಚೆ ದೀಪಾವಳಿ ರಜೆ ಬರುತ್ತದೆ, ಆಗಲೂ ಮಕ್ಕಳು ಬರುತ್ತಾರೆ.

ನೀವು ಬೆಂಗಳೂರಿನಲ್ಲಿ ಇದ್ದಿದ್ದರೆ ಕತೆಯೇ ಬೇರೆ ಆಗುತ್ತಿತ್ತು ನೋಡಿ. ಕರ್ನಾಟಕದ ಮಕ್ಕಳಿಗೆ ರಜೆ ಏಪ್ರಿಲಿನಲ್ಲೇ ಶುರು, ಮೇ ಕೊನೆಗೆ ಮುಗಿಯಿತು. ಪರೀಕ್ಷೆಯ ಹೊತ್ತಿಗೆ ಅಜ್ಜನ ಮನೆ ಖಾಲಿ. ಬರಿಯ ಪುಣೆ ಅನ್ನುವ ಒಂದು ಊರಿನಿಂದ ನಿಮಗೆ ಇಷ್ಟು ಬಿಗಿ ಸಿಕ್ಕಿದೆ. ನಿಮ್ಮ ಪ್ರತಿಯಲ್ಲಿ ಮಾತ್ರ ಮಕ್ಕಳು "ಬೇಸಿಗೆ ರಜೆಗೆ" ಬರುತ್ತಾರೆ, ಪರೀಕ್ಷೆ "ಸದ್ಯದಲ್ಲೇ" ಇದೆ. ತಾರೀಕು ಹಾಕಿ. ಕ್ಲರ್ಕಿನ ಕತೆಯಲ್ಲಿ ತಾರೀಕು ಇಲ್ಲದಿದ್ದರೆ ಹೇಗೆ?

ಇನ್ನು ಎರಡು ಕಡೆ ವಿಷಯ ತಪ್ಪಿದೆ. ಒಂದು, ಅಜ್ಜ ಎಸ್‌ಎಸ್‌ಸಿ ಮುಗಿಸಿ ಕೆಲಸಕ್ಕೆ ಸೇರಿದವರು, ಈಗ ನೇರ ಬಿ.ಎ. ಬರೆಯುತ್ತಿದ್ದಾರೆ ಅಂತ ಬರೆದಿದ್ದೀರಿ. ಬಿ.ಎ.ಗೆ ಸೇರಲು ಹನ್ನೆರಡನೇ ತರಗತಿ ಬೇಕು. ಸುಲಭವಾಗಿ ಸರಿ ಮಾಡಬಹುದು. ಹನ್ನೆರಡನೇ ಮುಗಿಸಿ ಪದವಿಯ ಮೊದಲ ವರ್ಷ ಎಫ್‌.ವೈ.ಗೆ ಸೇರಿದ್ದರು, ರೈಲ್ವೆಯ ಆರ್ಡರ್ ಬಂತು, ಬಿಟ್ಟರು. ಒಂದು ವಾಕ್ಯ ಸಾಕು. ಪದವಿ ಇಲ್ಲದೆ ಬಡ್ತಿ ತಪ್ಪಿದ್ದನ್ನು ನೀವು ಎರಡು ಪುಟ ಬರೆದಿದ್ದೀರಿ. ಆ ಎರಡು ಪುಟ ತೆಗೆದರೆ ಅಜ್ಜನ ಪಟ್ಟಿಯಲ್ಲಿ ಒಂದು ಗೆರೆಯಾದರೂ ಬದಲಾಗುತ್ತಾ ನೋಡಿ. ಆಗಲ್ಲ. ಹಾಗಾದರೆ ಅದು ಈ ಕತೆಗೆ ಬೇಡ.

ಎರಡನೆಯದು ದೊಡ್ಡದು. "ಈ ಸಲ ತಪ್ಪಿದರೆ ಎಲ್ಲಾ ಮುಗಿಯಿತು" ಅಂತ ಅಜ್ಜನ ಬಾಯಲ್ಲಿ ಹೇಳಿಸಿದ್ದೀರಿ. ಹಾಗೇನೂ ಇಲ್ಲ. ಬಿ.ಎ. ಮುಗಿಸಲು ಕಡಿಮೆ ಅಂದರೆ 3 ವರ್ಷ, ಹೆಚ್ಚು ಅಂದರೆ 6 ವರ್ಷ ಕೊಡುತ್ತಾರೆ. ಜೂನಿನಲ್ಲಿ ಬರೆಯದ ಪೇಪರನ್ನು ಡಿಸೆಂಬರಿನಲ್ಲಿ ಬರೆಯಬಹುದು. ಆ ಪೇಪರಿಗೆ ಕಟ್ಟಿದ ಪರೀಕ್ಷಾ ಶುಲ್ಕ ಹೋಗುತ್ತದೆ, ಅಷ್ಟೇ. ಅಸೈನ್‌ಮೆಂಟಿನ ಅಂಕ ಬಂದಿದ್ದರೆ ಅದು ಹಾಗೇ ಉಳಿಯುತ್ತದೆ. ಯಾರೂ ಬೈಯಲ್ಲ, ಯಾರೂ ಕೇಳಲ್ಲ.

ಇದು ನಿಮ್ಮ ಕತೆಯನ್ನು ಕೆಡಿಸುತ್ತದೆ ಅಂದುಕೊಳ್ಳಬೇಡಿ. ಇದರಿಂದಲೇ ಕತೆ ಶುರುವಾಗುವುದು. ಮುಂದಕ್ಕೆ ಹಾಕಲು ದಾರಿ ಇದೆ ಅಂದಮೇಲೆ ಅಜ್ಜನನ್ನು ಮಕ್ಕಳು ತಡೆಯುತ್ತಿಲ್ಲ. ಮಕ್ಕಳು ಬಂದಾಗಲೆಲ್ಲ ಅಜ್ಜ ತಾವಾಗಿಯೇ "ಡಿಸೆಂಬರಿಗೆ ನೋಡೋಣ" ಅನ್ನುತ್ತಿದ್ದಾರೆ. ಡಿಸೆಂಬರ್ ಬಂದರೆ "ಜೂನಿಗೆ ನೋಡೋಣ". ಹಾಗೆ ವರ್ಷಗಳು ಹೋಗಿವೆ. ಅದಕ್ಕೇ ಕತೆಯನ್ನು ಆರನೇ ವರ್ಷದಲ್ಲಿ ಶುರು ಮಾಡಿ. ಇಗ್ನೋಗೆ ಜನವರಿಯಲ್ಲೂ ಸೇರಬಹುದು, ಜುಲೈಯಲ್ಲೂ ಸೇರಬಹುದು. ನಿಮ್ಮ ಅಜ್ಜ ಜನವರಿಯಲ್ಲಿ ಸೇರಿದವರು ಅಂತಿಟ್ಟುಕೊಳ್ಳಿ. ಆಗ ಈ ಜೂನ್ ಕೊನೆಯದಲ್ಲ, ಇನ್ನೊಂದು ಡಿಸೆಂಬರ್ ಇದೆ. ಅದೇ ಕೊನೆಯದು. ಅದೂ ತಪ್ಪಿದರೆ ಮತ್ತೆ ಶುಲ್ಕ ಕಟ್ಟಿ ಮರುಪ್ರವೇಶ ಕೇಳಬೇಕು. ಅಜ್ಜನಂಥವರು ಮತ್ತೊಮ್ಮೆ ಕಿಟಕಿ ಮುಂದೆ ನಿಂತು ಕೇಳಲ್ಲ. ಉಳಿದದ್ದು ಎರಡು ಪೇಪರ್, ಇತಿಹಾಸ ಮತ್ತು ರಾಜ್ಯಶಾಸ್ತ್ರ. ಎರಡಕ್ಕೂ ಅಸೈನ್‌ಮೆಂಟ್ ಕೊಟ್ಟಾಗಿದೆ. ಅಸೈನ್‌ಮೆಂಟಿಗೆ ಶೇಕಡಾ 30, ಪರೀಕ್ಷೆಗೆ 70. ಉಳಿದದ್ದು ಆ ಎಪ್ಪತ್ತು ಮಾತ್ರ.

ಈಗ ಪಟ್ಟಿಗೆ ಬರೋಣ. ಇಗ್ನೋ ತನ್ನ ಪಾಠಗಳನ್ನು ಕ್ರೆಡಿಟ್ ಲೆಕ್ಕದಲ್ಲಿ ಅಳೆಯುತ್ತದೆ. ಒಂದು ಕ್ರೆಡಿಟ್ ಅಂದರೆ 30 ಗಂಟೆ ಓದು. 6 ಕ್ರೆಡಿಟ್ಟಿನ ಪೇಪರಿಗೆ 180 ಗಂಟೆ. ಎರಡು ಪೇಪರಿಗೆ 360. ಇದರಲ್ಲಿ ಅಸೈನ್‌ಮೆಂಟ್ ಬರೆಯುವ ಹೊತ್ತೂ ಸೇರಿದೆ, ಬುದ್ಧಿವಂತರಾದವರು ಅದನ್ನು ಕಳೆದುಕೊಂಡು ಕಡಿಮೆ ಓದುತ್ತಾರೆ. ಆದರೆ ಜೀವನವಿಡೀ ಪಾರ್ಸೆಲ್ ತೂಗಿದವರು ಪುಸ್ತಕದಲ್ಲಿ ಅಚ್ಚಾದ ತೂಕವನ್ನು ಕಡಿಮೆ ಮಾಡಿಕೊಳ್ಳುತ್ತಾರಾ? ಮಾಡಲ್ಲ. ಇದೊಂದರಲ್ಲೇ ಅಜ್ಜನ ಸ್ವಭಾವ ಬಂದುಬಿಡುತ್ತದೆ. "ಶಿಸ್ತಿನ ಮನುಷ್ಯ" ಅಂತ ನೀವು ಮೂರು ಕಡೆ ಬರೆದದ್ದನ್ನು ಹೊಡೆದುಹಾಕಿ.

ಜನವರಿ 1ರಿಂದ ಏಪ್ರಿಲ್ 30ರವರೆಗೆ 120 ದಿನ. ದಿನಕ್ಕೆ 3 ಗಂಟೆ ಅಂದರೆ ಸರಿಯಾಗಿ 360. ಮಕ್ಕಳು ಮೇ 1ರ ಮಹಾರಾಷ್ಟ್ರ ದಿನ ಕಳೆದ ಕೂಡಲೇ ಪುಣೆಯಿಂದ ಗಾಡಿ ಹತ್ತಿ ಕಲ್ಯಾಣದಲ್ಲಿ ಇಳಿಯುತ್ತಾರೆ. ಅಷ್ಟರೊಳಗೆ ಓದು ಮುಗಿದಿರಬೇಕು ಅಂತ ಅಜ್ಜನ ಲೆಕ್ಕ. ಹಾಳೆಗೆ ಗೆರೆ ಎಳೆದು ತಾರೀಕು, ಪೇಪರ್, ಗಂಟೆ, ಷರಾ ಅಂತ ನಾಲ್ಕು ಅಂಕಣ ಮಾಡಿದ್ದಾರೆ. ಆದರೆ ಯಾವ ನಾಲ್ಕು ತಿಂಗಳು ಹಾಗೆ ನೇರ ನಡೆಯುತ್ತದೆ? ಮದುವೆ, ಊರಿಂದ ಬಂದವರು, ಅಜ್ಜಿಯ ಮಂಡಿನೋವಿಗೆ ಡಾಕ್ಟರು. 25 ದಿನ ಹೋಯಿತು ಅಂತಿಡಿ. 75 ಗಂಟೆ ಬಾಕಿ. ಆಗ ಅಜ್ಜ ಮೇ ತಿಂಗಳಿಗೆ ಹೊಸ ಹಾಳೆ ಹಾಕುತ್ತಾರೆ. ಮಕ್ಕಳು ಏಳುವ ಮುಂಚೆ, ಬೆಳಗಿನ 4ರಿಂದ 6.30. ದಿನಕ್ಕೆ ಎರಡೂವರೆ ಗಂಟೆ, 31 ದಿನ, 77.5 ಗಂಟೆ. ಬಾಕಿ ತೀರಿ ಎರಡೂವರೆ ಗಂಟೆ ಉಳಿಯುತ್ತದೆ. ಅಂದರೆ ಒಂದೇ ಒಂದು ಬೆಳಗ್ಗೆ.

ಇಷ್ಟು ಲೆಕ್ಕ ಕತೆಯಲ್ಲಿ ಬರಬೇಕಾ? ಪೂರ್ತಿ ಬೇಡ. ಓದುಗನಿಗೆ ಗೊತ್ತಾಗಬೇಕಾದ್ದು ಎರಡೇ. ಬೆಳಗ್ಗೆ ಎರಡೂವರೆ ಗಂಟೆ ಓದಬೇಕು, ಒಂದು ಬೆಳಗ್ಗೆ ಮಾತ್ರ ತಪ್ಪಬಹುದು. ಉಳಿದದ್ದು ನಿಮ್ಮ ನೋಟ್‌ಬುಕ್ಕಿನಲ್ಲಿರಲಿ. ನೀವು ಅದನ್ನು ಹಾಕಿಟ್ಟುಕೊಂಡಿದ್ದರೆ ಕತೆಯಲ್ಲಿ ತಾರೀಕುಗಳು ತಾವೇ ಸರಿಯಾಗಿ ಕೂರುತ್ತವೆ.

ಇನ್ನು ಮನೆ. ಹಾಲ್‌ನಲ್ಲಿ ಮಕ್ಕಳು ಮಲಗಿದ್ದಾರೆ, ಬೆಡ್‌ರೂಮಿನಲ್ಲಿ ಅಜ್ಜಿ. ನಾಲ್ಕು ಗಂಟೆಗೆ ದೀಪ ಹಾಕಲು ಉಳಿದ ಜಾಗ ಅಡುಗೆಮನೆ ಒಂದೇ. ಸ್ಟೂಲ್ ಎಳೆದುಕೊಂಡು ಕಟ್ಟೆಯ ಮೇಲೆ ಪುಸ್ತಕ ಇಟ್ಟು ಓದಬೇಕು. ನಲ್ಲಿಯಲ್ಲಿ ನೀರು ಬರುವ ಹೊತ್ತಿಗೆ ಅಜ್ಜಿ ಎದ್ದು ಬರುತ್ತಾರೆ. ಅಜ್ಜಿಗೆ ಎಲ್ಲಾ ಕಾಣುತ್ತದೆ ಅನ್ನುವುದನ್ನು ಮರೆಯಬೇಡಿ, ಮುಂದೆ ಬೇಕಾಗುತ್ತದೆ.

ಒಂದು ಬೆಳಗ್ಗೆ ತಪ್ಪುತ್ತದೆ. ಹೇಗಾದರೂ ತಪ್ಪಲಿ, ಹಿಂದಿನ ರಾತ್ರಿ ಕರೆಂಟ್ ಹೋಗಿ ನಿದ್ದೆ ಬರಲಿಲ್ಲ, ಎದ್ದಾಗ ಆರು. ಅಜ್ಜ ಗಂಟೆಯ ಅಂಕಣದಲ್ಲಿ ಸೊನ್ನೆ ಬರೆಯುತ್ತಾರೆ. ಉಳಿತಾಯ ಮುಗಿಯಿತು. ಇದಕ್ಕೆ ನಾಲ್ಕು ಸಾಲು ಸಾಕು.

ಎರಡನೇ ಬೆಳಗ್ಗೆ ತಪ್ಪುವುದನ್ನು ಮಾತ್ರ ನಿಧಾನವಾಗಿ ಬರೆಯಿರಿ. ಇಲ್ಲಿ ನೀವು ಜ್ವರ ತಂದಿದ್ದೀರಿ. ಜ್ವರ ಬೇಡ. ಜ್ವರ ಬಂದ ಮಗುವನ್ನು ನೋಡಿಕೊಳ್ಳುವುದು ಯಾರ ಆಯ್ಕೆಯೂ ಅಲ್ಲ, ಅದಕ್ಕೆ ಅಜ್ಜನನ್ನು ಹೊಗಳಬೇಕಾಗಿಲ್ಲ, ದೂರಬೇಕಾಗಿಲ್ಲ. ಮಳೆಗೆ ಲೋಕಲ್ ನಿಂತು ಪರೀಕ್ಷೆ ತಪ್ಪುವುದೂ ಇದೇ ಜಾತಿಯದು. ಹೊರಗಿನಿಂದ ಬಿದ್ದ ತೊಂದರೆ ಯಾವ ಮನುಷ್ಯನನ್ನೂ ತೋರಿಸಲ್ಲ. ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ:

ನಾಲ್ಕೂ ಇಪ್ಪತ್ತಕ್ಕೆ ಹುಡುಗ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ. ಚಡ್ಡಿ ಒಂದು ಕಡೆ ಜಾರಿತ್ತು. ಅಜ್ಜ ಓದುತ್ತಿದ್ದ ಸಾಲಿನ ಮೇಲೆ ಬೆರಳಿಟ್ಟು, "ಏನೋ, ನೀರು ಬೇಕಾ?" ಅಂದರು. ಹುಡುಗ ಬೇಡ ಅಂತ ತಲೆಯಾಡಿಸಿದ. ಅಷ್ಟರಲ್ಲಿ ದೂರದ ಗಾಡಿಯೊಂದು ಸ್ಟೇಷನ್ನಿನಲ್ಲಿ ನಿಲ್ಲದೆ ಹಾದುಹೋಯಿತು. ಸದ್ದು ಮುಗಿಯುವ ತನಕ ಇಬ್ಬರೂ ಸುಮ್ಮನಿದ್ದರು.

"ಕೊನೇ ಡಬ್ಬಿಯಲ್ಲಿ ಏನಿರುತ್ತೆ ಗೊತ್ತಾ?" ಅಂದರು ಅಜ್ಜ.

"ಜನ."

"ಅಲ್ಲ. ಅರ್ಧ ಜನ. ಇನ್ನರ್ಧ ಸಾಮಾನು. ಸೈಕಲ್ಲು, ಹೂವಿನ ಬುಟ್ಟಿ, ಬಾಳೆಗೊನೆ. ನಾಯಿ ಕೂಡ."

"ನಾಯಿಗೆ ಟಿಕೆಟ್?"

"ಟಿಕೆಟ್ ಅಲ್ಲ, ಚೀಟಿ. ನಾನೇ ಬರೀತಿದ್ದೆ."

ಹುಡುಗ ಬಂದು ಸ್ಟೂಲಿನ ಅಂಚಿನಲ್ಲಿ ಕೂತ. ಅಜ್ಜ ಸಾಲಿನ ಮೇಲಿಂದ ಬೆರಳು ತೆಗೆದರು.

ಇಲ್ಲಿ ಮಗು ಏನೂ ಕೇಳಿಲ್ಲ ಅನ್ನುವುದನ್ನು ಗಮನಿಸಿ. ಮಾತು ತೆಗೆದದ್ದು ಅಜ್ಜನೇ. ಪುಸ್ತಕದ ಮುಂದೆ ಒದ್ದಾಡುತ್ತಿದ್ದವರಿಗೆ ತಾವು ಬಲ್ಲ ವಿಷಯವೊಂದು ಕಿಟಕಿಯಾಚೆ ಹಾದುಹೋಯಿತು, ಕೇಳಲು ಒಬ್ಬ ಸಿಕ್ಕ. ಆರೂವರೆಯವರೆಗೆ ಮಾತಾಡುತ್ತಾರೆ. ಅಜ್ಜನಿಗೆ ಆ ಬೆಳಗ್ಗೆ ಬಹಳ ಖುಷಿಯಾಗಿದೆ. ನಿಮ್ಮ ಪ್ರತಿಯಲ್ಲಿ ಅಜ್ಜ ಪ್ರತಿ ಸಲವೂ "ಬೇಸರವನ್ನು ಮರೆಮಾಡಿ" ನಗುತ್ತಾರೆ. ಬೇಸರ ಯಾಕೆ ಇರಬೇಕು? ಖುಷಿಯೇ ಇರಲಿ. ಖುಷಿ ಇದ್ದರೆ ಮಾತ್ರ ಮುಂದಿನ ಹೆಜ್ಜೆ ಚುಚ್ಚುತ್ತದೆ.

ಮುಂದಿನ ಹೆಜ್ಜೆ ಇದು. ತಿಂಡಿಯಾದ ಮೇಲೆ ಅಜ್ಜ ಪಟ್ಟಿಯ ಮುಂದೆ ನಿಲ್ಲುತ್ತಾರೆ. ಸೊನ್ನೆ ಬರೆಯಬೇಕು. ಬರೆದರೆ ಲೆಕ್ಕ ಮುರಿಯುತ್ತದೆ. "2½" ಅಂತ ಬರೆಯುತ್ತಾರೆ.

"ಏನೂ ಆಗಲ್ಲ" ಅಂದವರಿಗೆ ಉತ್ತರ ಇಲ್ಲಿದೆ. ಕೆಲಸದ ಉದ್ದಕ್ಕೂ ರಿಜಿಸ್ಟರಿನಲ್ಲಿ ಒಂದೂ ಸುಳ್ಳು ಅಂಕಿ ಬರೆಯದ ಮನುಷ್ಯ, ಯಾರೂ ತಪಾಸಣೆ ಮಾಡದ ತನ್ನದೇ ಹಾಳೆಯಲ್ಲಿ ಬರೆದುಬಿಟ್ಟ. ಹೊರಗಿನವರಿಗೆ ಇದು ಏನೂ ಅಲ್ಲ. 360ರಲ್ಲಿ ಎರಡೂವರೆ ಗಂಟೆ ಕಡಿಮೆಯಾದರೆ ಯಾರೂ ಫೇಲಾಗಲ್ಲ. ಅಜ್ಜನಿಗೂ ಅದು ಗೊತ್ತು. ಆದರೂ ಮಧ್ಯಾಹ್ನ ಊಟ ಸೇರುವುದಿಲ್ಲ. ಈ ಭಾಗದಲ್ಲಿ ನೀವು ಬಾಯಿ ಹಾಕಬೇಡಿ. "ಅವರ ಮನಸ್ಸು ಕಲಕಿತು" ಅಂತೆಲ್ಲ ಬರೆಯಬೇಡಿ. ಅಂಕಿ ಬರೆದರು, ಪೆನ್ನಿನ ಟೊಪ್ಪಿ ಹಾಕಿದರು, ಆಮೇಲೆ ಆ ಗೋಡೆಯ ಕಡೆ ಹೋಗಲಿಲ್ಲ. ಇಷ್ಟೇ ಸಾಕು.

ಮರುದಿನವೂ ನಾಲ್ಕೂ ಇಪ್ಪತ್ತಕ್ಕೆ ಹುಡುಗ ಬರುತ್ತಾನೆ. ಅದರ ಮರುದಿನವೂ. ಈಗ ಅವನಿಗೆ ಅದು ಅಭ್ಯಾಸ. ಪಟ್ಟಿಯಲ್ಲಿ ಎರಡೂವರೆಗಳು ಸಾಲಾಗಿ ಕೂರುತ್ತವೆ.

ಈ ಹಂತದಲ್ಲಿ ಅಜ್ಜನಿಗೆ ಒಂದು ನಿಜವಾದ ದಾರಿ ಕೊಡಿ. ಕೊಡದಿದ್ದರೆ ಓದುಗ "ಬೇರೆ ಕಡೆ ಹೋಗಿ ಓದಬಾರದಾ?" ಅಂತ ಕೇಳಿಯೇ ಕೇಳುತ್ತಾನೆ. ಮಹಾರಾಷ್ಟ್ರದಲ್ಲಿ ಊರೂರಿಗೆ ಅಭ್ಯಾಸಿಕಾಗಳಿವೆ, ನಿಮಗೆ ಗೊತ್ತೇ ಇದೆ. ತಿಂಗಳಿಗೆ ಇಷ್ಟು ಅಂತ ಕೊಟ್ಟರೆ ಒಂದು ಮೇಜು, ಒಂದು ಕುರ್ಚಿ, ತಲೆ ಮೇಲೆ ಪಂಖಾ. ಸರ್ಕಾರಿ ನೌಕರಿಯ ಎಂಪಿಎಸ್‌ಸಿ ಪರೀಕ್ಷೆಗೆ ಓದುವ ಹುಡುಗರು ಬೆಳಗಿನಿಂದ ರಾತ್ರಿವರೆಗೆ ಕೂತಿರುತ್ತಾರೆ. ಅಜ್ಜ ಒಂದು ಮಧ್ಯಾಹ್ನ ಅಲ್ಲಿಗೆ ಹೋಗಲಿ. ಹುಡುಗರು ಯಾರನ್ನೋ ಕರೆಯಲು ಬಂದ ತಂದೆ ಅಂದುಕೊಂಡು ಜಾಗ ಬಿಡಲಿ. ಓದು ಚೆನ್ನಾಗಿಯೇ ಸಾಗಲಿ. ಮೂರು ಗಂಟೆಯಲ್ಲಿ ಅಡುಗೆಮನೆಯ ಒಂದು ವಾರದಷ್ಟು ಪಾಠ ತಲೆಗೆ ಹೋಗಲಿ. ಮನೆಗೆ ಬಂದಾಗ ಮೊಮ್ಮಗಳು ಬಾಗಿಲಲ್ಲೇ ಮರಾಠಿಯಲ್ಲಿ "ಅಜ್ಜಾ, ಝಾಲಾ ಕಾ ಅಭ್ಯಾಸ?", ಓದು ಆಯ್ತಾ ಅಂತ ಕೇಳಲಿ.

ಮರುದಿನ ಅಜ್ಜ ಅಲ್ಲಿಗೆ ಹೋಗಲ್ಲ. ಕಾರಣ ಕೊಡಬೇಡಿ. ಚಪ್ಪಲಿ ಹಾಕಿದರು, ಬಿಸಿಲು ನೋಡಿದರು, ಚಪ್ಪಲಿ ಬಿಟ್ಟರು. ದಾರಿ ಇತ್ತು, ಕೆಲಸವೂ ಮಾಡಿತು, ಅಜ್ಜ ಬೇಡ ಅಂದರು. ಇಲ್ಲಿಗೆ ಓದುಗನಿಗೆ ಪೂರ್ತಿ ತಿಳಿದುಬಿಡುತ್ತದೆ, ಈ ಮನುಷ್ಯನಿಗೆ ಯಾವುದು ಬೇಕು ಅಂತ. ಅಜ್ಜನಿಗೆ ಮಾತ್ರ ಅದನ್ನು ಇನ್ನೂ ಒಪ್ಪಿಕೊಳ್ಳಲು ಆಗಿಲ್ಲ.

ಒಪ್ಪಿಕೊಳ್ಳುವುದು ಹಾಳೆಯ ಮೇಲೆಯೇ ಆಗಬೇಕು, ಮಾತಿನಲ್ಲಿ ಅಲ್ಲ. ಇದಕ್ಕೆ ಅಜ್ಜಿ ಬೇಕು. ಅವರು ಬುದ್ಧಿ ಹೇಳುವುದು ಬೇಡ. ನೀರು ಹಿಡಿಯುತ್ತಾ ಒಂದು ಮಾತು. "ಏನ್ರೀ, ಇವತ್ತೂ ಎರಡೂವರೇನಾ?" ಅಷ್ಟೇ. ಅಜ್ಜಿ ದಿನಾ ಪಟ್ಟಿ ಓದುತ್ತಿದ್ದರು ಅಂತ ಅಜ್ಜನಿಗೂ ನಮಗೂ ಒಟ್ಟಿಗೇ ಗೊತ್ತಾಗುತ್ತದೆ.

ಆಮೇಲೆ ತಿದ್ದುವ ದೃಶ್ಯ. ಆಫೀಸಿನ ರಿಜಿಸ್ಟರಿನಲ್ಲಿ ತಪ್ಪಾದರೆ ಅಳಿಸುವ ಹಾಗಿಲ್ಲ, ಅದರ ಮೇಲೇ ಬರೆಯುವ ಹಾಗೂ ಇಲ್ಲ. ಹಳೆಯ ಅಂಕಿ ಓದಲು ಬರುವಂತೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು, ಸಣ್ಣ ಸಹಿ ಮತ್ತು ತಾರೀಕು ಹಾಕಬೇಕು. ಅಜ್ಜ ಒಂದೊಂದೇ ಎರಡೂವರೆಗೆ ಗೆರೆ ಎಳೆದು, ಸೊನ್ನೆ ಬರೆದು, ಸಹಿ ಹಾಕುತ್ತಾ ಹೋಗಲಿ. ಪಕ್ಕದಲ್ಲಿ ಹುಡುಗ ಕೂತು ಸಹಿಯನ್ನು ನಕಲು ಮಾಡಲು ನೋಡಲಿ, ಬೇಕಿದ್ದರೆ. ಈ ಕೆಲಸವನ್ನು ಅವಸರ ಮಾಡದೆ ಅರ್ಧ ಪುಟ ಬರೆಯಿರಿ. ಪಾರ್ಸೆಲ್ ಆಫೀಸಿನ ಇಡೀ ಬದುಕು ಹಿನ್ನೋಟವಿಲ್ಲದೆ ಇಲ್ಲೇ ಬಂದುಬಿಡುತ್ತದೆ.

ಗೆರೆಗಳೆಲ್ಲ ಎಳೆದಾದ ಮೇಲೆ ಕೂಡಿ ನೋಡುತ್ತಾರೆ. ಎರಡು ಪೇಪರಿಗೆ ಸಾಲುವುದಿಲ್ಲ. ಇತಿಹಾಸ ಜೂನ್ 9ಕ್ಕೆ, ಆಗ ಮಕ್ಕಳು ಇನ್ನೂ ಇಲ್ಲೇ. ರಾಜ್ಯಶಾಸ್ತ್ರ ಜೂನ್ 24ಕ್ಕೆ, ಅವರು ಹೋಗಿ ಹತ್ತು ದಿನ ಆಗಿರುತ್ತದೆ. ಅಜ್ಜ ಇತಿಹಾಸದ ಮುಂದೆ ಷರಾ ಅಂಕಣದಲ್ಲಿ "ಡಿಸೆಂಬರ್" ಅಂತ ಬರೆಯುತ್ತಾರೆ. ಅದಕ್ಕೂ ಸಹಿ, ತಾರೀಕು.

ಕತೆ ಇಲ್ಲಿ ನಿಲ್ಲಬಹುದು. ಹಿಂದಿನ ಐದು ವರ್ಷ "ಡಿಸೆಂಬರಿಗೆ ನೋಡೋಣ" ಅಂದದ್ದಕ್ಕೂ ಇದಕ್ಕೂ ವ್ಯತ್ಯಾಸ ಇದೆ. ಅದು ಜಾರಿಕೊಂಡದ್ದು, ಇದು ಸಹಿ ಹಾಕಿದ್ದು. ಆದರೆ ಡಿಸೆಂಬರಿಗೆ ಮುಂಚೆ ದೀಪಾವಳಿ ಇದೆ, ಮಕ್ಕಳು ಮತ್ತೆ ಬರುತ್ತಾರೆ. ಇದನ್ನು ನೀವು ಕೊನೆಯಲ್ಲಿ ಹೇಳಬೇಡಿ. ಮೊದಲ ಪುಟದಲ್ಲೇ ಎಲ್ಲೋ, ಮೊಮ್ಮಗಳು ಫೋನಿನಲ್ಲಿ ದೀಪಾವಳಿಗೆ ಎಷ್ಟು ದಿನ ಇರ್ತೀವಿ ಅಂತ ಹೇಳಿದ್ದನ್ನು ಹಾಕಿಡಿ. ನೆನಪಿರುವ ಓದುಗ ತಾನೇ ಜೋಡಿಸಿಕೊಳ್ಳುತ್ತಾನೆ. ಪಾಸೋ ಫೇಲೋ ಅನ್ನುವ ಪ್ರಶ್ನೆ ಆಗ ಯಾರಿಗೂ ಬರಲ್ಲ. ಬಂದರೂ ಪರವಾಗಿಲ್ಲ.

ಯಾರು ಹೇಳಬೇಕು ಅನ್ನುವುದೊಂದು ಉಳಿದಿದೆ. ಈಗ ನೀವು "ನಾನು" ಅಂತ, ಮಗಳಾಗಿ ಹೇಳಿದ್ದೀರಿ. ಆದರೆ ಬೆಳಗಿನ ನಾಲ್ಕು ಗಂಟೆಗೆ ನೀವು ಪುಣೆಯಲ್ಲಿ ಮಲಗಿರುತ್ತೀರಿ. ಅಡುಗೆಮನೆಯಲ್ಲಿ ಏನಾಯಿತು ಅಂತ ನಿಮಗೆ ಗೊತ್ತಾಗುವುದು ಅಮ್ಮನ ಫೋನಿನಿಂದ. ಫೋನಿನ ಮೂಲಕ ಬಂದ ಸುಳ್ಳು ಅಂಕಿಗೆ ಬಿಸಿ ಇರಲ್ಲ. ಅಜ್ಜನ ಬೆನ್ನ ಹಿಂದೆ ನಿಂತು, "ಅವರು" ಅಂತ ಹೇಳಿ. ಮಗಳು ಕತೆಯಲ್ಲಿ ಮಕ್ಕಳನ್ನು ಬಿಟ್ಟು ಹೋಗಲು ಒಮ್ಮೆ, ಕರೆದುಕೊಂಡು ಹೋಗಲು ಒಮ್ಮೆ ಬಂದರೆ ಸಾಕು. ಮಗಳು "ಅಪ್ಪಾ, ಮಕ್ಕಳಿಂದ ತೊಂದರೆ ಆಗ್ತಿಲ್ಲ ಅಲ್ವಾ?" ಅಂತ ಕೇಳುವ ಮಾತು ನಿಮ್ಮ ಪ್ರತಿಯಲ್ಲಿದೆ. ಅದು ಚೆನ್ನಾಗಿದೆ, ಬಿಡಬೇಡಿ. ಅದನ್ನು ಮೊದಲ ಸುಳ್ಳು ಅಂಕಿ ಬಿದ್ದ ದಿನದ ಫೋನಿಗೆ ಸರಿಸಿ.

ಉದ್ದ ಈಗ ಹದಿನಾಲ್ಕು ಪುಟ. ಬಡ್ತಿಯ ಎರಡು ಪುಟ, ಚೆಂಡು, ಟಿವಿ, ಜ್ವರ, ಶಾಲು ಹೋದರೆ ಎಂಟಕ್ಕೆ ಇಳಿಯುತ್ತದೆ. ಮಾವಿನಹಣ್ಣು ಇರಲಿ, ಮೇ ತಿಂಗಳಲ್ಲಿ ಮಾವು ಇಲ್ಲದ ಮನೆ ಇರಲ್ಲ. ಆದರೆ ಅದು ಓದು ಕೆಡಿಸುವುದು ಬೇಡ, ಸುಮ್ನೆ ಇರಲಿ.

ಪಾರ್ಸೆಲ್ ಆಫೀಸಿನ ವಿವರಗಳನ್ನು ಅಪ್ಪನ ಹತ್ತಿರವೇ ಕೇಳಿ ಸರಿಮಾಡಿಕೊಳ್ಳಿ. ಯಾವ ಚೀಟಿಗೆ ಎಷ್ಟು ಪ್ರತಿ, ನಾಯಿಯನ್ನು ಎಲ್ಲಿ ಕಟ್ಟುತ್ತಿದ್ದರು, ತಿದ್ದಿದ ಕಡೆ ಯಾವ ಬಣ್ಣದ ಶಾಯಿ. ಅವರು ಸಂತೋಷದಿಂದ ಹೇಳುತ್ತಾರೆ. ಸುಳ್ಳು ಅಂಕಿಯ ಭಾಗ ಓದಿದರೆ ಮಾತ್ರ "ನಾನು ಯಾವತ್ತು ಹಾಗೆ ಬರೆದಿದ್ದೆ?" ಅಂತ ಸಿಟ್ಟಾಗಬಹುದು. ಅಚ್ಚಿಗೆ ಕೊಡುವ ಮುಂಚೆ ಅವರಿಗೆ ತೋರಿಸಲೇಬೇಕು. ಆದರೆ ಈಗಲೇ ಬೇಡ, ಅವರ ಪರೀಕ್ಷೆ ಮುಗಿದ ಮೇಲೆ ತೋರಿಸಿ.